ಬಹುಮಹಡಿ ಕಟ್ಟಡದ ವೆಂಟ್ ಪೈಪ್: ಟ್ರ್ಯಾಪ್‌ನ ನೀರನ್ನು ಎಳೆಯುವುದು ಯಾವುದು, ತಡೆಯುವುದು ಹೇಗೆ

ಬಾತ್‌ರೂಮಿನಲ್ಲಿ ಗಟಾರದ ವಾಸನೆ ಬಂದರೆ ಹೆಚ್ಚಿನವರು ಮೊದಲು ಫಿನಾಯಿಲ್ ಸುರಿಯುತ್ತಾರೆ, ಆಮೇಲೆ ಜಾಲಿ ಬದಲಾಯಿಸುತ್ತಾರೆ, ಕೊನೆಗೆ ನೆಲ ಒಡೆಸಿ ನಹಾನಿ ಟ್ರ್ಯಾಪನ್ನೇ ಹೊಸದಾಗಿ ಹಾಕಿಸುತ್ತಾರೆ. ಹತ್ತು ಮಹಡಿ ದಾಟಿದ ಕಟ್ಟಡದಲ್ಲಿ ಈ ಮೂರೂ ಖರ್ಚು ಅನೇಕ ಸಲ ದಂಡ. ಟ್ರ್ಯಾಪ್ ಸರಿಯಾಗಿಯೇ ಇರುತ್ತದೆ. ವಾಸನೆಯನ್ನು ತಡೆಯಲೆಂದು ಅದರೊಳಗೆ ನಿಂತಿರಬೇಕಾದ ನೀರನ್ನು ಬೇರೆ ಯಾರದೋ ಫ್ಲಶ್ ಎಳೆದುಕೊಂಡು ಹೋಗಿರುತ್ತದೆ. ಎಲ್ಲ ಮಹಡಿಗಳ ಕೊಳಚೆ ನೀರನ್ನು ಕೆಳಗಿಳಿಸುತ್ತ ಡಕ್ಟ್‌ನಲ್ಲಿ ನಿಂತಿರುವ ಸ್ಟ್ಯಾಕ್ ಪೈಪಿಗೆ ಬೇಕಾದಷ್ಟು ಗಾಳಿ ಸಿಗದಿರುವುದೇ ಇದಕ್ಕೆ ಮೂಲ.

ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಗಳು, ಸೈಟ್ ಎಂಜಿನಿಯರ್‌ಗಳು ಮತ್ತು ಲೆಕ್ಕ ಕೇಳಿ ಕೆಲಸ ಮಾಡುವ ಪ್ಲಂಬರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಎಲ್ಲೆಡೆ ಕಾಣುವಂಥ ಒಂದು ಕಟ್ಟಡವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ 18 ಮಹಡಿ. ಪ್ರತಿ ಮಹಡಿಯಲ್ಲೂ ಬೆನ್ನಿಗೆ ಬೆನ್ನು ತಾಗಿಸಿಕೊಂಡ ಎರಡು ಬಾತ್‌ರೂಮುಗಳು ಒಂದೇ 110 ಮಿಲಿಮೀಟರ್ ಸ್ಟ್ಯಾಕಿಗೆ ಸೇರುತ್ತವೆ. ಕಮೋಡ್, ಬೇಸಿನ್, ನೆಲದ ನೀರು ಎಲ್ಲವೂ ಅದರಲ್ಲೇ. ಪಕ್ಕದಲ್ಲಿ ಸ್ಟ್ಯಾಕಿಗೆ ಗಾಳಿ ಕೊಡಲೆಂದು 75 ಮಿಲಿಮೀಟರಿನ ಒಂದು ವೆಂಟ್ ಪೈಪ್ ಟೆರೇಸ್‌ವರೆಗೆ ಹೋಗಿದೆ. ದೂರು ಎರಡು ಕಡೆಯಿಂದ ಬಂದಿದೆ. ಹದಿನಾಲ್ಕು, ಹದಿನೈದನೇ ಮಹಡಿಯವರು ಬೆಳಗಿನ ಹೊತ್ತು ನಹಾನಿ ಟ್ರ್ಯಾಪ್ ಗುಳುಗುಳು ಎನ್ನುತ್ತದೆ, ಆಮೇಲೆ ವಾಸನೆ ಬರುತ್ತದೆ ಎನ್ನುತ್ತಾರೆ. ಒಂದನೇ ಮಹಡಿಯವರು ಟ್ರ್ಯಾಪಿನಿಂದ ನೀರು ಗುಳ್ಳೆಯೆದ್ದು ಚಿಮ್ಮುತ್ತದೆ ಎನ್ನುತ್ತಾರೆ. ಎರಡೂ ಒಂದೇ ಕಾಯಿಲೆಯ ಎರಡು ಮುಖ. ಯಾವ ಮಹಡಿಯವರು ಏನು ಹೇಳುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡರೆ ತನಿಖೆಯ ಅರ್ಧ ಮುಗಿದಂತೆ.

ಮೊದಲು ಪೈಪಿನೊಳಗೆ ಏನಾಗುತ್ತದೆ ಎಂದು ನೋಡಿಕೊಳ್ಳಿ

ಸ್ಟ್ಯಾಕಿನಲ್ಲಿ ನೀರು ಪೈಪು ತುಂಬಿಕೊಂಡು ಬೀಳುವುದಿಲ್ಲ. ಫ್ಲಶ್ ನೀರು ಅಡ್ಡಪೈಪಿನಿಂದ ಬಂದು ಸ್ಟ್ಯಾಕಿನ ಎದುರು ಗೋಡೆಗೆ ಬಡಿದು, ಸುತ್ತಲೂ ಹರಡಿ, ಗೋಡೆಗೆ ಅಂಟಿಕೊಂಡ ತೆಳು ಪದರವಾಗಿ ಇಳಿಯುತ್ತದೆ. ನಡುವೆ ಗಾಳಿಯ ಕಂಬ ಇರುತ್ತದೆ. ಇಳಿಯುವ ನೀರು ಆ ಗಾಳಿಯನ್ನೂ ತನ್ನೊಡನೆ ಕೆಳಕ್ಕೆ ಎಳೆಯುತ್ತದೆ. ಹೀಗೆ ಎಳೆದುಹೋದ ಗಾಳಿಯ ಜಾಗಕ್ಕೆ ಮೇಲಿನಿಂದ ಹೊಸ ಗಾಳಿ ಬರಬೇಕು. ಬರುವ ದಾರಿ ಇಕ್ಕಟ್ಟಾದರೆ, ನೀರು ಸೇರುವ ಜಾಗದ ಕೆಳಗಿನ ಮಹಡಿಗಳಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಆಗ ಪೈಪು ಹತ್ತಿರದ ಟ್ರ್ಯಾಪುಗಳ ಮೂಲಕ ಗಾಳಿಯನ್ನು ಹೀರಲು ನೋಡುತ್ತದೆ. ಹದಿನಾಲ್ಕನೇ ಮಹಡಿಯ ಗುಳುಗುಳು ಸದ್ದು ಇದೇ. ತಮ್ಮ ಮನೆಯಲ್ಲಿ ಯಾರೂ ನಲ್ಲಿ ಮುಟ್ಟದಿದ್ದರೂ ಅವರ ಟ್ರ್ಯಾಪಿನ ನೀರು ಹೋಗುತ್ತದೆ.

ಕೆಳಗೆ ನಡೆಯುವುದು ಇದರ ತಿರುಗು. ಸ್ಟ್ಯಾಕ್ ಸ್ಟಿಲ್ಟ್ ಚಾವಣಿಯಲ್ಲಿ ಅಡ್ಡ ತಿರುಗಿದೊಡನೆ ನೀರಿನ ವೇಗ ಕುಸಿದು, ಆಳ ಹೆಚ್ಚಿ, ಪೈಪಿನ ಬಾಯಿ ಕಟ್ಟುವ ಮಟ್ಟಕ್ಕೆ ಬರುತ್ತದೆ. ಮೇಲಿನಿಂದ ಎಳೆದು ತಂದ ಗಾಳಿಗೆ ಮುಂದೆ ಹೋಗಲು ಜಾಗವಿಲ್ಲ. ಅದು ಕಡಿಮೆ ಪ್ರತಿರೋಧದ ದಾರಿ ಹುಡುಕಿ ಒಂದನೇ ಮಹಡಿಯ ಟ್ರ್ಯಾಪಿನಲ್ಲಿ ಮೇಲೆದ್ದು ಬರುತ್ತದೆ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಬದಿಗಿಡಬೇಕು. ಇಷ್ಟು ಎತ್ತರದಿಂದ ಬೀಳುವ ನೀರು ಭಯಂಕರ ವೇಗ ಪಡೆದು ಕೆಳಗಿನ ಬೆಂಡ್ ಒಡೆಯುತ್ತದೆ ಎಂದು ಭಾವಿಸಿ ಕೆಲವರು ನಡುನಡುವೆ ಸ್ಟ್ಯಾಕನ್ನು ಸೊಟ್ಟಗೆ ತಿರುಗಿಸುತ್ತಾರೆ. ಗೋಡೆಯ ಘರ್ಷಣೆ ನೀರಿನ ವೇಗವನ್ನು ಬೇಗನೆ ಕಟ್ಟಿಹಾಕುತ್ತದೆ. 110ರ ಪೈಪಿನಲ್ಲಿ ಸೆಕೆಂಡಿಗೆ ಐದೂವರೆ ಲೀಟರ್ ಹರಿಯುವಾಗ ಅದು ಸುಮಾರು ಎರಡು ಮೀಟರ್ ಇಳಿಯುವಷ್ಟರಲ್ಲೇ ಸೆಕೆಂಡಿಗೆ ಸುಮಾರು ಮೂರು ಮೀಟರ್ ವೇಗಕ್ಕೆ ಬಂದು, ಅಲ್ಲಿಂದ ಮುಂದೆ ಹೆಚ್ಚುವುದಿಲ್ಲ. ಐದನೇ ಮಹಡಿಯಿಂದ ಬಿಟ್ಟರೂ ಹದಿನೆಂಟರಿಂದ ಬಿಟ್ಟರೂ ಅಡಿಯಲ್ಲಿ ವೇಗ ಒಂದೇ. ನಡುವೆ ಹಾಕಿದ ಪ್ರತಿ ಸೊಟ್ಟವೂ ಹೊಸದಾಗಿ ಒಂದು ನೀರಿನ ಪರದೆಯನ್ನು ಕಟ್ಟಿ ಗಾಳಿಯನ್ನು ತಡೆಯುತ್ತದೆ, ಅಂದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಇರುವ ರೋಗವನ್ನು ಹೆಚ್ಚಿಸಿದಂತಾಗುತ್ತದೆ. ಎತ್ತರದ ಕಟ್ಟಡ ಕಷ್ಟವಾಗುವುದು ವೇಗದಿಂದಲ್ಲ. ಒಂದೇ ಕ್ಷಣದಲ್ಲಿ ಫ್ಲಶ್ ಮಾಡುವ ಮನೆಗಳು ಹೆಚ್ಚು. ಗಾಳಿಯನ್ನು ಎಳೆಯುವ ಒದ್ದೆ ಗೋಡೆಯೂ ಉದ್ದ.

ಟ್ರ್ಯಾಪಿನಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬ ಲೆಕ್ಕ

ಇದು ತಿಳಿದರೆ ಮುಂದಿನದೆಲ್ಲ ಸುಲಭ. ಯು ಆಕಾರದ ಟ್ರ್ಯಾಪಿಗೆ ಎರಡು ಕಾಲು: ಒಂದು ಮನೆಯ ಕಡೆ, ಇನ್ನೊಂದು ಸ್ಟ್ಯಾಕಿನ ಕಡೆ. ತುಂಬಿದಾಗ ಎರಡರಲ್ಲೂ ನೀರು ಹೊರಹರಿವಿನ ಅಂಚಿನವರೆಗೆ ನಿಂತಿರುತ್ತದೆ. ಅಲ್ಲಿಂದ ಒಳಬಾಗಿನ ಕೆಳತುದಿಯವರೆಗಿನ ಆಳವೇ ಸೀಲ್. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದು ಕನಿಷ್ಠ 50 ಮಿಲಿಮೀಟರ್.

ಈಗ ಸ್ಟ್ಯಾಕಿನಲ್ಲಿ 40 ಮಿಲಿಮೀಟರ್ ನೀರಿನ ಮಟ್ಟದಷ್ಟು ಎಳೆತ ಬಂತು ಎನ್ನಿ. ಸ್ಟ್ಯಾಕಿನ ಕಡೆಯ ಕಾಲಿನಲ್ಲಿ ನೀರು ಮೇಲೇರಲು ಜಾಗವಿಲ್ಲ, ಅಂಚು ದಾಟಿ ಚೆಲ್ಲುತ್ತದೆ. ಮನೆಯ ಕಡೆ ಮಟ್ಟ 40 ಮಿಲಿಮೀಟರ್ ಇಳಿಯುತ್ತದೆ. ಎಳೆತ ನಿಂತಾಗ ಉಳಿದ ನೀರು ಎರಡೂ ಕಾಲುಗಳಿಗೆ ಹಂಚಿಹೋಗಿ, ಎರಡರಲ್ಲೂ ಮಟ್ಟ ಅಂಚಿಗಿಂತ 20 ಮಿಲಿಮೀಟರ್ ಕೆಳಗೆ ನಿಲ್ಲುತ್ತದೆ. ಅಂದರೆ ಎರಡು ಕಾಲೂ ಒಂದೇ ಅಗಲವಾಗಿದ್ದರೆ, ಶಾಶ್ವತವಾಗಿ ಹೋಗುವುದು ಎಳೆತದ ಅರ್ಧ. 50ರಲ್ಲಿ 30 ಉಳಿಯಿತು. ಅದೇ 40ರ ಎಳೆತ ಮತ್ತೆ ಬಂದರೆ ನೀರು ಅಂಚಿನವರೆಗೆ ಏರಿ ಇಳಿಯುತ್ತದೆ, ಹೊಸದಾಗಿ ಚೆಲ್ಲುವುದು ಅಷ್ಟಾಗಿ ಇಲ್ಲ. ಹಾಗಾಗಿ ಟ್ರ್ಯಾಪಿನ ಸ್ಥಿತಿಯನ್ನು ನಿರ್ಧರಿಸುವುದು ದಿನದಲ್ಲಿ ಎಷ್ಟು ಸಲ ಎಳೆತ ಬಂತು ಎಂಬುದಲ್ಲ, ಅತಿ ದೊಡ್ಡ ಎಳೆತ ಎಷ್ಟಿತ್ತು ಎಂಬುದು. ಎಳೆತ 50 ದಾಟಿದರೆ ಗಾಳಿ ಸೀಲನ್ನು ಭೇದಿಸಿ ಒಳನುಗ್ಗುತ್ತದೆ, ಗುಳುಗುಳು ಕೇಳುತ್ತದೆ, ಹಿಂದೆ ಉಳಿಯುವುದು 25 ಅಥವಾ ಅದಕ್ಕಿಂತ ಕಡಿಮೆ.

ಒತ್ತುವ ಗಾಳಿಯ ಲೆಕ್ಕ ಬೇರೆ. ಆಗ ಸ್ಟ್ಯಾಕಿನ ಕಡೆ ಮಟ್ಟ ಇಳಿದು ಮನೆಯ ಕಡೆ ಏರುತ್ತದೆ. ಏರಲು ಅಲ್ಲಿ ಜಾಗವಿರುವುದರಿಂದ ತುಂಬಿದ 50ರ ಸೀಲನ್ನು ಭೇದಿಸಲು ಸುಮಾರು 100 ಮಿಲಿಮೀಟರ್ ಒತ್ತಡ ಬೇಕು. ಮೊದಲೇ ಎಳೆತಕ್ಕೆ ಸಿಕ್ಕಿ 25ಕ್ಕೆ ಇಳಿದ ಟ್ರ್ಯಾಪಿಗೆ 50 ಸಾಕು. ಎಳೆತ ತೆಳುವಾಗಿಸುತ್ತದೆ, ಒತ್ತಡ ಒಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಅಗ್ಗದ ನಹಾನಿ ಟ್ರ್ಯಾಪುಗಳ ಸೀಲ್ ಹುಟ್ಟಿನಿಂದಲೇ ಅರ್ಧ. ಅಂಥದ್ದು ಒಂದನೇ ಮಹಡಿಯಲ್ಲಿದ್ದರೆ ಚಿಮ್ಮದೆ ಇನ್ನೇನು ಮಾಡೀತು? ಕೊಳ್ಳುವಾಗ ಸ್ಕೇಲ್ ಇಟ್ಟು ಅಳೆದುನೋಡಿ, ಪೊಟ್ಟಣದ ಮೇಲಿನ ಮಾತನ್ನು ನಂಬಬೇಡಿ.

ವಿನ್ಯಾಸಕ್ಕೆ ಎಷ್ಟು ಮಿತಿ ಇಟ್ಟುಕೊಳ್ಳಬೇಕು? ಅಮೆರಿಕದ ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಪ್ರಕಾರ ಟ್ರ್ಯಾಪಿನ ಮೇಲೆ ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ನೀರಿನ ಮಟ್ಟಕ್ಕಿಂತ ಹೆಚ್ಚಿನ ವ್ಯತ್ಯಾಸ ಬರಬಾರದು. ಮೇಲಿನ ಲೆಕ್ಕದಲ್ಲಿ ನೋಡಿದರೆ ಆಗ ಸೀಲ್ 37ರ ಆಸುಪಾಸು ಉಳಿಯುತ್ತದೆ. ಆವಿಯಾಗಿ ಹೋಗುವ ನೀರಿಗೂ ಸ್ವಲ್ಪ ಅವಕಾಶ ಸಿಗುತ್ತದೆ. ನಾನು ಇದನ್ನೇ ಗುರಿಯಾಗಿ ಹಿಡಿಯುತ್ತೇನೆ.

ತನಿಖೆ: ಮಾರ್ಕರ್ ಪೆನ್, ಪಾರದರ್ಶಕ ಕೊಳವೆ

ಮೊದಲು ಆವಿಯನ್ನು ಪ್ರತ್ಯೇಕಿಸಿ. ಬೀಗ ಹಾಕಿದ ಮನೆಯ ಟ್ರ್ಯಾಪ್ ವಾರಗಳಲ್ಲಿ ತಾನೇ ಒಣಗುತ್ತದೆ, ಅದಕ್ಕೆ ವೆಂಟ್ ಕಾರಣವಲ್ಲ. ಇದನ್ನು ಹಗುರವಾಗಿ ನೋಡುವಂತಿಲ್ಲ ಎನ್ನುವುದಕ್ಕೆ 2003ರ ಹಾಂಗ್‌ಕಾಂಗ್ ಸಾಕ್ಷಿ. ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದ ಇ ಬ್ಲಾಕ್‌ನಲ್ಲಿ ಸಾರ್ಸ್ ಹರಡಿದಾಗ, ಬಾತ್‌ರೂಮ್ ನೆಲದ ಟ್ರ್ಯಾಪುಗಳು ಒಣಗಿದ್ದು ಮತ್ತು ಎಕ್ಸಾಸ್ಟ್ ಫ್ಯಾನ್‌ಗಳು ಸ್ಟ್ಯಾಕಿನ ಗಾಳಿಯನ್ನು ಒಳಗೆಳೆದದ್ದು ತನಿಖೆಯಲ್ಲಿ ಮುಖ್ಯ ಕಾರಣಗಳಾಗಿ ಕಾಣಿಸಿಕೊಂಡವು. ಹಾಗಾಗಿ ಪರೀಕ್ಷೆಗೆ ಮೊದಲು ಎಲ್ಲ ಟ್ರ್ಯಾಪುಗಳಿಗೂ ನೀರು ಸುರಿದು ತುಂಬಿಸಿ, ಫ್ಯಾನ್ ಆರಿಸಿ.

ಜಾಲಿ ತೆಗೆದು, ಟ್ರ್ಯಾಪಿನ ಒಳಗೋಡೆಯನ್ನು ಒರೆಸಿ, ನೀರು ನಿಂತ ಮಟ್ಟಕ್ಕೆ ಅಳಿಸಿಹೋಗದ ಮಾರ್ಕರ್‌ನಿಂದ ಗೆರೆ ಎಳೆಯಿರಿ. 18 ಮತ್ತು 17ನೇ ಮಹಡಿಯಲ್ಲಿ ಇಬ್ಬರನ್ನು ನಿಲ್ಲಿಸಿ, ಫೋನಿನಲ್ಲಿ ಎಣಿಸಿಕೊಂಡು ಒಟ್ಟಿಗೆ ಫ್ಲಶ್ ಮಾಡಿಸಿ. ಆಮೇಲೆ ಒಂದು ಸೆಕೆಂಡಿನ ಅಂತರ ಕೊಟ್ಟು ಇನ್ನೊಮ್ಮೆ ಮಾಡಿಸಿ, ಏಕೆಂದರೆ ಮೇಲಿನ ನೀರು ಕೆಳಗಿನ ಮಹಡಿಯ ಅಡ್ಡಪೈಪನ್ನು ದಾಟುವ ಹೊತ್ತಿಗೇ ಅಲ್ಲಿನ ನೀರೂ ಸೇರಿದರೆ ಪರದೆ ದಪ್ಪವಾಗುತ್ತದೆ. ಗೆರೆಯಿಂದ ನೀರು ಎಷ್ಟು ಇಳಿಯಿತು ಎಂದು ಅಳೆಯಿರಿ. ಅದರ ಎರಡರಷ್ಟು ಎಳೆತ ಬಂದಿತ್ತು ಎಂದು ಸ್ಥೂಲವಾಗಿ ಹಿಡಿಯಬಹುದು. ನಹಾನಿ ಟ್ರ್ಯಾಪಿನ ಮನೆಯ ಕಡೆಯ ಬಾಯಿ ಅಗಲವಾಗಿದ್ದರೆ ಅಷ್ಟೇ ಎಳೆತಕ್ಕೆ ಹೆಚ್ಚು ನೀರು ಹೋಗುತ್ತದೆ. ಆಗ ಗುಣಿಸಬೇಕಾದ ಅಂಕಿ ಎರಡಕ್ಕಿಂತ ಕಡಿಮೆ. ಇದರಿಂದ ಎಳೆತದ ನಿಖರ ಅಂಕಿ ಸಿಗದಿದ್ದರೂ ಯಾವ ಮಹಡಿಯಲ್ಲಿ ಅತಿ ಹೆಚ್ಚು ಎಂಬುದು ಸ್ಪಷ್ಟವಾಗಿ ಸಿಗುತ್ತದೆ.

ನಿಖರ ಅಂಕಿ ಬೇಕಿದ್ದರೆ ಡಕ್ಟ್‌ನಲ್ಲಿರುವ ಡೋರ್ ಟೀಯ ಮುಚ್ಚಳಕ್ಕೆ ಬದಲಿ ಮುಚ್ಚಳವೊಂದನ್ನು ತಂದು, ಅದಕ್ಕೆ ತೂತು ಕೊರೆದು ಸಣ್ಣ ನಿಪ್ಪಲ್ ಕೂರಿಸಿ. ನಿಪ್ಪಲ್‌ಗೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಕೊಳವೆಯನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ, ಹಿಂದೆ ಸ್ಕೇಲ್ ಅಂಟಿಸಿ. ಎರಡು ಕಾಲುಗಳ ಮಟ್ಟದ ಅಂತರವೇ ಒತ್ತಡ. ಏರಿಳಿತ ಒಂದೆರಡು ಸೆಕೆಂಡಿನಲ್ಲಿ ಮುಗಿಯುವುದರಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ ಆಮೇಲೆ ನಿಧಾನವಾಗಿ ನೋಡಿ. ಸ್ಟ್ಯಾಕ್ ತೆರೆಯುವಾಗ ಆ ಸಾಲಿನ ಮನೆಗಳವರಿಗೆ ನೀರು ಬಿಡದಂತೆ ಹೇಳಿರಬೇಕು. ಕೈಗವಸು ಹಾಕಿಕೊಳ್ಳಿ, ಹತ್ತಿರ ಬೆಂಕಿ, ಬೀಡಿ ಬೇಡ. ಚೇಂಬರ್ ಒಳಗೆ ಯಾರನ್ನೂ ಇಳಿಸಬೇಡಿ: ಕೊಳಚೆಯ ಹೈಡ್ರೋಜನ್ ಸಲ್ಫೈಡ್ ಅಪಾಯಕರ ಮಟ್ಟಕ್ಕೆ ಏರಿದಾಗ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ.

ನಮ್ಮ ಉದಾಹರಣೆಯ ಕಟ್ಟಡದಲ್ಲಿ 15ನೇ ಮಹಡಿಯಲ್ಲಿ 60 ಮಿಲಿಮೀಟರ್ ಎಳೆತ, 8ನೇ ಮಹಡಿಯಲ್ಲಿ ಹೆಚ್ಚುಕಡಿಮೆ ಸೊನ್ನೆ, 1ನೇ ಮಹಡಿಯಲ್ಲಿ 55 ಮಿಲಿಮೀಟರ್ ಒತ್ತಡ ಕಂಡಿತು ಎಂದಿಟ್ಟುಕೊಳ್ಳೋಣ. ಮೇಲೆ ಎಳೆತ, ನಡುವೆ ಸಮ, ಕೆಳಗೆ ಒತ್ತಡ: ಗಾಳಿ ಸಿಗದ ಸ್ಟ್ಯಾಕಿನ ಮಾದರಿ ಚಿತ್ರ ಇದು. ಎಲ್ಲ ಮಹಡಿಗಳಲ್ಲೂ ಒತ್ತಡವೇ ಕಂಡರೆ ಕೆಳಗಿನ ಪೈಪು ಕಟ್ಟಿರಬೇಕು, ಇಲ್ಲವೇ ಕೊಳಚೆ ಶುದ್ಧೀಕರಣ ಘಟಕದ, ಅಂದರೆ ಎಸ್‌ಟಿಪಿಯ ಸಂಗ್ರಹ ತೊಟ್ಟಿ ತುಂಬಿ ಒಳಬರುವ ಪೈಪಿನ ಬಾಯಿ ಮುಳುಗಿರಬೇಕು. ಸ್ವಂತ ಎಸ್‌ಟಿಪಿ ಇರುವ ಅಪಾರ್ಟ್‌ಮೆಂಟುಗಳಲ್ಲಿ ಈ ಎರಡನೆಯದನ್ನು ಮೊದಲು ನೋಡಿ. ಪಂಪ್ ಹೊತ್ತಿಗೆ ಸರಿಯಾಗಿ ಓಡಿದರೆ ಸಾಕಾಗಬಹುದು. ಒಂದೇ ಮನೆಯಲ್ಲಿ, ಅದೇ ಮನೆಯ ಬೇಸಿನ್ ಖಾಲಿಯಾದಾಗ ಮಾತ್ರ ಸದ್ದು ಬಂದರೆ ಅದು ಸ್ಟ್ಯಾಕಿನ ಕಥೆಯಲ್ಲ, ಆ ಅಡ್ಡಪೈಪು ತೀರಾ ಉದ್ದ ಅಥವಾ ತೀರಾ ಇಳಿಜಾರು.

ಹರಿವಿನ ಲೆಕ್ಕ

ಯುರೋಪಿನ ಇಎನ್ 12056-2 ಮಾನದಂಡದ ಸೂತ್ರ ಚಿಕ್ಕದಾಗಿದೆ, ಇಲ್ಲಿ ಅದು ಸಾಕು.

```
Q = K × √(ΣDU)
```

ಇದರಲ್ಲಿ `DU` ಎನ್ನುವುದು ಪ್ರತಿ ಉಪಕರಣಕ್ಕೆ ಕೊಟ್ಟ ಅಂಕ, `K` ವಸತಿ ಕಟ್ಟಡಕ್ಕೆ 0.5. ಆರು ಲೀಟರಿನ ಫ್ಲಶ್ ಇರುವ ಕಮೋಡ್‌ಗೆ 2.0, ಬೇಸಿನ್‌ಗೆ 0.5, 50 ಮಿಲಿಮೀಟರಿನ ನೆಲದ ಟ್ರ್ಯಾಪಿಗೆ 0.8. ಒಂದು ಬಾತ್‌ರೂಮಿಗೆ ಒಟ್ಟು 3.3. ನಮ್ಮಲ್ಲಿ 36 ಬಾತ್‌ರೂಮುಗಳು, ಅಂದರೆ 118.8. ವರ್ಗಮೂಲ 10.9, ಅದರ ಅರ್ಧ 5.45. ಸೆಕೆಂಡಿಗೆ 5.45 ಲೀಟರ್ ಹರಿವಿಗೆ ಈ ಸ್ಟ್ಯಾಕ್ ಸಿದ್ಧವಾಗಿರಬೇಕು.

ಅದೇ ಮಾನದಂಡದ ಕೋಷ್ಟಕದಲ್ಲಿ, ಬೇರೆ ವೆಂಟ್ ಇಲ್ಲದೆ ಟೆರೇಸ್‌ಗೆ ಬಾಯಿ ತೆರೆದ 100ರ, ಅಂದರೆ ನಮ್ಮ 110ಕ್ಕೆ ಸಮನಾದ ಸ್ಟ್ಯಾಕಿಗೆ, ಅಡ್ಡಪೈಪುಗಳು ನೇರ ಟೀಯಲ್ಲಿ ಸೇರುವುದಾದರೆ, 4.0 ಲೀಟರ್ ಮಿತಿ. ಬಾಗಿದ ಕುತ್ತಿಗೆಯ ಜೋಡಣೆಯಾದರೆ 5.2. ನಮ್ಮ ಹರಿವು ಎರಡನ್ನೂ ದಾಟುತ್ತದೆ. ಪ್ರತ್ಯೇಕ ವೆಂಟ್ ಜೋಡಿಸಿದರೆ ನೇರ ಟೀಗೂ ಮಿತಿ 5.6ಕ್ಕೆ ಏರುತ್ತದೆ, ಅಲ್ಲಿ ಕೂದಲೆಳೆಯಲ್ಲಿ ಪಾರು. ಪ್ರತಿ ಮಹಡಿಗೆ ಒಂದೇ ಬಾತ್‌ರೂಮ್ ಇದ್ದಿದ್ದರೆ ಹರಿವು 3.85 ಆಗಿ, ವೆಂಟ್ ಇಲ್ಲದೆಯೂ ಕಾಗದದ ಮೇಲೆ ನಡೆಯುತ್ತಿತ್ತು. ಎರಡು ಮನೆಗಳನ್ನು ಒಂದೇ ಸ್ಟ್ಯಾಕಿಗೆ ಸೇರಿಸಿ ಪೈಪು ಉಳಿಸಿದ ಲೆಕ್ಕವನ್ನು ವೆಂಟ್ ತೀರಿಸಬೇಕಾಗಿದೆ.

ವೆಂಟ್ ಎಷ್ಟು ದಪ್ಪ ಇರಬೇಕು

ಕೋಷ್ಟಕದಲ್ಲಿ ಕಟ್ಟಡದ ಎತ್ತರಕ್ಕೆ ಒಂದು ಕಾಲಂ ಇಲ್ಲ. ಅದನ್ನು ಕಣ್ಣುಮುಚ್ಚಿ ಪಾಲಿಸಿದರೆ ಆರು ಮಹಡಿಗೆ ಹಾಕುವ ಪೈಪನ್ನೇ ಹದಿನೆಂಟಕ್ಕೂ ಹಾಕಿಬಿಡುತ್ತೇವೆ. ಗಾಳಿಗೂ ಘರ್ಷಣೆ ಇದೆ. ಸ್ಥೂಲ ಅಂದಾಜು ಹೀಗೆ ಮಾಡಬಹುದು:

```
Δp = f × (L/D) × (ρ v²/2)
```

ವೆಂಟ್ ಮೂಲಕ ಸೆಕೆಂಡಿಗೆ 40 ಲೀಟರ್ ಗಾಳಿ ಸಾಗಬೇಕು ಎಂದುಕೊಳ್ಳೋಣ. ಬೀಳುವ ನೀರು ತನ್ನ ಗಾತ್ರದ ಹಲವು ಪಟ್ಟು ಗಾಳಿಯನ್ನು ಎಳೆಯುವುದರಿಂದ ಇದು ಅತಿಶಯವಲ್ಲ. ಉದ್ದ 60 ಮೀಟರ್, ಘರ್ಷಣೆಯ ಅಂಕ `f` 0.02, ಗಾಳಿಯ ಸಾಂದ್ರತೆ 1.2. 75ರ ಪೈಪಿನ ಒಳವ್ಯಾಸ ಸುಮಾರು 70 ಮಿಲಿಮೀಟರ್. ಗಾಳಿಯ ವೇಗ ಸೆಕೆಂಡಿಗೆ 10.4 ಮೀಟರ್ ಆಗುತ್ತದೆ, ಒತ್ತಡದ ನಷ್ಟ ಸುಮಾರು 1,110 ಪ್ಯಾಸ್ಕಲ್. ನೀರಿನ ಮಟ್ಟದಲ್ಲಿ ಹೇಳಿದರೆ 113 ಮಿಲಿಮೀಟರ್! ನಮಗೆ ಇರುವ ಮಿತಿ 25. ಅದೇ ಗಾಳಿಯನ್ನು 110ರ ಪೈಪಿನಲ್ಲಿ, ಅಂದರೆ ಒಳವ್ಯಾಸ 104 ಮಿಲಿಮೀಟರ್ ಇರುವಲ್ಲಿ, ಬಿಟ್ಟರೆ ವೇಗ 4.7 ಮೀಟರ್, ನಷ್ಟ 153 ಪ್ಯಾಸ್ಕಲ್, ಅಂದರೆ 16 ಮಿಲಿಮೀಟರ್. ಪೈಪು ಒಂದೂವರೆ ಪಟ್ಟು ಅಗಲವಾದರೆ ನಷ್ಟ ಏಳನೇ ಒಂದು ಭಾಗಕ್ಕೆ ಇಳಿಯಿತು, ಏಕೆಂದರೆ ನಷ್ಟ ವ್ಯಾಸದ ಐದನೇ ಘಾತದಂತೆ ನಡೆಯುತ್ತದೆ. ನಿಜವಾದ ಕಟ್ಟಡದಲ್ಲಿ ಸ್ಟ್ಯಾಕಿನ ತುದಿಯಿಂದಲೂ ಸ್ವಲ್ಪ ಗಾಳಿ ಬರುತ್ತದೆ, ಎಲ್ಲ ಗಾಳಿಯೂ ಇಡೀ 60 ಮೀಟರ್ ಸಾಗುವುದಿಲ್ಲ, ಆದ್ದರಿಂದ ಅಂಕಿಗಳು ಇಷ್ಟು ಕಟುವಾಗಿರುವುದಿಲ್ಲ. ಆದರೆ ಎರಡು ಪೈಪುಗಳ ನಡುವಿನ ಏಳು ಪಟ್ಟಿನ ಅಂತರ ಹಾಗೆಯೇ ಇರುತ್ತದೆ. ಹದಿನೈದು ಮಹಡಿ ದಾಟಿದರೆ ವೆಂಟನ್ನು ಸ್ಟ್ಯಾಕಿನಷ್ಟೇ ಅಗಲ ಇಡಿ ಎನ್ನುವುದು ನನ್ನ ಮಾತು. ಪೈಪಿನ ಬೆಲೆಯ ವ್ಯತ್ಯಾಸ ನಂತರ ಡಕ್ಟ್‌ಗೆ ಸಾರುವೆ ಕಟ್ಟುವ ಖರ್ಚಿನ ಮುಂದೆ ಏನೂ ಅಲ್ಲ.

ಎಲ್ಲೆಲ್ಲಿ ಸೇರಿಸಬೇಕು

ಹೆಚ್ಚಿನ ವೆಂಟ್‌ಗಳು ಸೋಲುವುದು ಇಲ್ಲಿ. ನಮ್ಮ ಉದಾಹರಣೆಯಲ್ಲಿ ಡಕ್ಟ್ ತೆರೆದು ನೋಡಿದರೆ ವೆಂಟ್ ಪೈಪ್ ಸ್ಟ್ಯಾಕಿನ ಪಕ್ಕದಲ್ಲೇ ಅಚ್ಚುಕಟ್ಟಾಗಿ ನಿಂತಿದೆ, ಆದರೆ ಅದು ಸ್ಟ್ಯಾಕನ್ನು ಮುಟ್ಟುವುದು ಟೆರೇಸ್ ಹತ್ತಿರ ಒಂದೇ ಕಡೆ. ಕೆಳತುದಿಗೆ ಮುಚ್ಚಳ. ಇಂಥ ವೆಂಟ್ ನಕ್ಷೆಯಲ್ಲಿ ಇದೆ, ಗಾಳಿಯ ಪಾಲಿಗೆ ಇಲ್ಲ.

ಕೆಳಗಿನಿಂದ ಆರಂಭಿಸಿ. ವೆಂಟಿನ ಪಾದ ಅತಿ ಕೆಳಗಿನ ಅಡ್ಡಪೈಪಿಗಿಂತಲೂ ಕೆಳಗೆ, 45 ಡಿಗ್ರಿಯ ವೈ ಮೂಲಕ ಸ್ಟ್ಯಾಕಿಗೆ ಸೇರಬೇಕು. ಒಂದನೇ ಮಹಡಿಯ ಟ್ರ್ಯಾಪಿಗೆ ನುಗ್ಗುತ್ತಿದ್ದ ಗಾಳಿ ಆಗ ವೆಂಟ್ ಹತ್ತಿ ಮೇಲೆ ಹೋಗುತ್ತದೆ. ವೈ ಓರೆಯಾಗಿರುವುದರಿಂದ ವೆಂಟಿನೊಳಗೆ ಸೇರಿದ ತೇವ, ತುಕ್ಕು, ಕಸ ಜಾರಿ ಸ್ಟ್ಯಾಕಿಗೇ ಬೀಳುತ್ತದೆ. ವೆಂಟಿನ ಅಡ್ಡ ಭಾಗಗಳೂ ಇದೇ ಕಾರಣಕ್ಕೆ ಸ್ಟ್ಯಾಕಿನ ಕಡೆಗೆ ಇಳಿಜಾರಾಗಿರಲಿ, ನೀರು ನಿಲ್ಲುವ ಹೊಟ್ಟೆ ಎಲ್ಲೂ ಇರದಿರಲಿ. ಒಂದು ಲೋಟ ನೀರು ನಿಂತರೂ ಅಲ್ಲಿಗೆ ಗಾಳಿಯ ದಾರಿ ಮುಚ್ಚಿತು.

ನಡುವಿನ ಜೋಡಣೆಗಳು ಎತ್ತರದ ಕಟ್ಟಡದ ಜೀವ. ಅಮೆರಿಕದ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಹತ್ತು ಅಥವಾ ಹೆಚ್ಚು ಮಹಡಿಯ ಸ್ಟ್ಯಾಕಿಗೆ ಮೇಲಿನಿಂದ ಎಣಿಸಿ ಪ್ರತಿ ಐದನೇ ಮಹಡಿಯಲ್ಲಿ ವೆಂಟಿಗೂ ಸ್ಟ್ಯಾಕಿಗೂ ಅಡ್ಡ ಸೇತುವೆ ಕೇಳುತ್ತದೆ. ಮೇಲೆ ಹೇಳಿದ ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್‌ಗೆ ಹತ್ತಕ್ಕೊಂದು ಸಾಕು. ನಾನು ಐದನ್ನೇ ಹಿಡಿಯುತ್ತೇನೆ. ನಮ್ಮ ಕಟ್ಟಡದಲ್ಲಿ ಅದು 14, 9 ಮತ್ತು 4ನೇ ಮಹಡಿ. ಸೇತುವೆಯ ಕೆಳತುದಿ ಆ ಮಹಡಿಯ ಅಡ್ಡಪೈಪಿಗಿಂತ ಕೆಳಗೆ ಸ್ಟ್ಯಾಕಿಗೆ ವೈಯಿಂದ ಸೇರಲಿ, ಮೇಲ್ತುದಿ ಆ ಮಹಡಿಯ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ವೆಂಟಿಗೆ ಸೇರಲಿ. ಈ ಎತ್ತರ ಯಾಕೆಂದರೆ, ಮುಂದೊಂದು ದಿನ ಸ್ಟ್ಯಾಕ್ ಕಟ್ಟಿಕೊಂಡಾಗ ಕೊಳಚೆ ಮೊದಲು ನೆಲದ ಜಾಲಿಯಲ್ಲಿ ಕಾಣಿಸಬೇಕು. ಸೇತುವೆಯನ್ನು ಅಡ್ಡಡ್ಡ, ಒಂದೇ ಮಟ್ಟದಲ್ಲಿ ಹಾಕಿದರೆ ಕೊಳಚೆ ಯಾರಿಗೂ ತಿಳಿಯದಂತೆ ವೆಂಟಿನೊಳಗೆ ಹರಿದು, ಅಲ್ಲೇ ಒಣಗಿ, ವೆಂಟನ್ನೂ ಮುಚ್ಚುತ್ತದೆ.

ಪ್ರತಿ ಮನೆಯ ಅಡ್ಡಪೈಪಿಗೂ ಸಣ್ಣ ವೆಂಟ್ ಎಳೆಯುವುದಾದರೆ, ಅದನ್ನು ಟ್ರ್ಯಾಪಿನ ನೆತ್ತಿಗೆ ಅಂಟಿಸಬೇಡಿ. ಅಲ್ಲಿ ಸೋಪಿನ ಜಿಡ್ಡು ಬೇಗ ಕಟ್ಟುತ್ತದೆ. ನಮ್ಮ ಸಂಹಿತೆಯ ಪದ್ಧತಿಯಂತೆ ಟ್ರ್ಯಾಪಿನ ನೆತ್ತಿಯಿಂದ 75 ಮಿಲಿಮೀಟರಿನಿಂದ 450 ಮಿಲಿಮೀಟರಿನ ಒಳಗೆ, ಅಡ್ಡಪೈಪಿನ ಮೇಲ್ಭಾಗಕ್ಕೆ ಸೇರಿಸಿ.

ಪಾದದ ತಿರುವು, ಒಂದನೇ ಮಹಡಿ

ಸ್ಟ್ಯಾಕ್ ಸ್ಟಿಲ್ಟ್ ಚಾವಣಿಯಲ್ಲಿ ತಿರುಗುವಾಗ ಒಂದೇ 90 ಡಿಗ್ರಿ ಬೆಂಡ್ ಹಾಕುವುದನ್ನು ಬಿಟ್ಟು 45ರ ಎರಡು ಬೆಂಡ್ ಹಾಕಿ, ನಡುವೆ ಸ್ವಲ್ಪ ನೇರ ತುಂಡು ಕೊಡಿ. ನೀರು ದಡಕ್ಕನೆ ನಿಲ್ಲದೆ ಹೊರಳುತ್ತದೆ, ಗಾಳಿಗೆ ಮೇಲ್ಭಾಗದಲ್ಲಿ ದಾರಿ ಉಳಿಯುತ್ತದೆ. ತಿರುವಿನಿಂದ ಪೈಪಿನ ವ್ಯಾಸದ ಹತ್ತು ಪಟ್ಟು, ಅಂದರೆ ಇಲ್ಲಿ ಸುಮಾರು 1.1 ಮೀಟರಿನೊಳಗೆ ಬೇರೆ ಯಾವ ಪೈಪೂ ಸೇರಬಾರದು. ನೀರು ಎದ್ದು ನಿಲ್ಲುವುದು ಆ ಭಾಗದಲ್ಲೇ.

ಒಂದನೇ ಮಹಡಿಯನ್ನು ಈ ಸ್ಟ್ಯಾಕಿಗೆ ಸೇರಿಸಲೇಬೇಡಿ. ಬ್ರಿಟನ್ನಿನ ಮಾರ್ಗಸೂಚಿ ಐದು ಮಹಡಿ ದಾಟಿದ ಕಟ್ಟಡದಲ್ಲಿ ಅತಿ ಕೆಳಗಿನ ಮಹಡಿಗೆ, ಇಪ್ಪತ್ತು ದಾಟಿದರೆ ಕೆಳಗಿನ ಎರಡು ಮಹಡಿಗಳಿಗೆ ಬೇರೆ ಪೈಪು ಕೇಳುತ್ತದೆ. ನಮ್ಮಲ್ಲಿ ಒಂದನೇ ಮಹಡಿಯ ನೀರು ಸ್ಟಿಲ್ಟ್ ಚಾವಣಿಯಲ್ಲಿ ಪ್ರತ್ಯೇಕವಾಗಿ ಸಾಗಿ ಮುಂದಿನ ಚೇಂಬರಿಗೆ ಬೀಳಬಹುದು. ವಾಷಿಂಗ್ ಮೆಷಿನ್ ನೀರು ಅದೇ ಸ್ಟ್ಯಾಕಿಗೆ ಬಿಡುವ ಕಟ್ಟಡಗಳಲ್ಲಿ ಇದು ಇನ್ನೂ ಮುಖ್ಯ. ಸೋಪಿನ ನೊರೆ ತಿರುವಿನಲ್ಲಿ ಗಟ್ಟಿಯಾಗಿ ಕೂತು ಗಾಳಿಯನ್ನು ಪೂರ್ತಿ ತಡೆಯುತ್ತದೆ, ಮೇಲಿನ ಮನೆಯ ಬಟ್ಟೆಯ ನೊರೆ ಕೆಳಗಿನವರ ಬಾತ್‌ರೂಮಿನಲ್ಲಿ ಉಕ್ಕುತ್ತದೆ.

ಒಳಗೆ ಜನ ಇರುವಾಗ ದುರಸ್ತಿ

ಕಟ್ಟಿ ಮುಗಿದ ಕಟ್ಟಡದಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡಲಾಗುವುದಿಲ್ಲ, ಕ್ರಮ ಮುಖ್ಯ. ಮೊದಲು ಟೆರೇಸ್ ಹತ್ತಿ. ವಾಟರ್‌ಪ್ರೂಫಿಂಗ್ ಅಥವಾ ಸೋಲಾರ್ ಕೆಲಸದವರು ವೆಂಟನ್ನು ಕತ್ತರಿಸಿ ಮುಚ್ಚಳ ಹಾಕಿರುವುದು, ವೆಂಟಿನ ತುದಿಗೆ ಹಾಕಿದ ಕೌಲ್‌ನಲ್ಲಿ ಹಕ್ಕಿ ಗೂಡು ಕಟ್ಟಿರುವುದು ಅಪರೂಪವಲ್ಲ. ಇದು ಒಂದು ಗಂಟೆಯ ಕೆಲಸ, ಇದಾದ ಮೇಲೆ ಮಾರ್ಕರ್ ಪರೀಕ್ಷೆಯನ್ನು ಮತ್ತೆ ಮಾಡಿ. ಎರಡನೆಯದು ಪಾದದ ಜೋಡಣೆ. ಅದು ಸ್ಟಿಲ್ಟ್‌ನಲ್ಲಿ ಏಣಿ ಇಟ್ಟು ಮಾಡಬಹುದಾದ ಕೆಲಸ, ಮನೆಯೊಳಗೆ ಕಾಲಿಡಬೇಕಾಗಿಲ್ಲ. ಮೂರನೆಯದು 14ನೇ ಮಹಡಿಯ ಸೇತುವೆ, ಎಳೆತ ಹೆಚ್ಚಿರುವುದು ಅಲ್ಲೇ ಹತ್ತಿರ. ಇವುಗಳ ನಂತರವೂ ಅಂಕಿ ಇಳಿಯದಿದ್ದರೆ ಮಾತ್ರ 75ರ ವೆಂಟನ್ನು 110ಕ್ಕೆ ಬದಲಾಯಿಸುವ ದೊಡ್ಡ ಖರ್ಚಿನ ಮಾತು.

ಅಡ್ಡಪೈಪಿಗೆ ಗಾಳಿ ಸೇವಿಸುವ ಕವಾಟ ಹಾಕಿಬಿಡಿ, ವೆಂಟೇ ಬೇಡ ಎನ್ನುವ ಮಾರಾಟಗಾರರು ಸಿಗುತ್ತಾರೆ. ಆ ಕವಾಟ ಎಳೆತ ಬಂದಾಗ ತೆರೆದುಕೊಂಡು ಗಾಳಿ ಬಿಡುತ್ತದೆ, ಒತ್ತಡ ಬಂದಾಗ ಮುಚ್ಚಿಕೊಳ್ಳುತ್ತದೆ. ಹದಿನೈದನೇ ಮಹಡಿಗೆ ಅದು ಕೆಲಸಕ್ಕೆ ಬರಬಹುದು. ಒಂದನೇ ಮಹಡಿಗೆ ಅದರಿಂದ ಏನೂ ಪ್ರಯೋಜನವಿಲ್ಲ, ಹೆಚ್ಚು ಹಾಕಿದಷ್ಟೂ ಗಾಳಿ ಹೊರಹೋಗುವ ದಾರಿ ಕಡಿಮೆಯೇ. ರಬ್ಬರ್ ನಾಲಿಗೆಯ ಜಾಲಿಗಳೂ ಅಷ್ಟೇ: ಕೂದಲು ಸಿಕ್ಕಿಕೊಂಡ ದಿನದಿಂದ ಬಾಯಿ ಪೂರ್ತಿ ಮುಚ್ಚುವುದಿಲ್ಲ.

ಕೆಲಸ ಮುಗಿದ ಮೇಲೆ ಅದೇ ಮಹಡಿಗಳಲ್ಲಿ, ಅದೇ ಕ್ರಮದಲ್ಲಿ ಫ್ಲಶ್ ಮಾಡಿಸಿ ಅಳೆಯಿರಿ. 15ನೇ ಮಹಡಿಯಲ್ಲಿ ಎಳೆತ 25ರ ಒಳಗೆ, ಒಂದನೇ ಮಹಡಿಯಲ್ಲಿ ಒತ್ತಡವೂ 25ರ ಒಳಗೆ ಬಂದರೆ ಒಪ್ಪಿಕೊಳ್ಳಿ. 15ರದು ಇಳಿದು ಒಂದರದು ಹಾಗೆಯೇ ಉಳಿದರೆ ಪಾದದ ಜೋಡಣೆ ನೀರು ಎದ್ದು ನಿಲ್ಲುವ ಭಾಗದಲ್ಲೇ ಬಿದ್ದಿದೆ ಎಂದರ್ಥ, ಅದನ್ನು ತಿರುವಿಗಿಂತ ಮೇಲಕ್ಕೆ ಎತ್ತಬೇಕು. ಪರೀಕ್ಷೆಯ ಅಂಕಿಗಳನ್ನು ಮಹಡಿವಾರು ಬರೆದು ಸಂಘದ ಕಡತದಲ್ಲಿಡಿ, ಮಾರ್ಕರ್ ಗೆರೆಯನ್ನು ಟ್ರ್ಯಾಪಿನಲ್ಲಿ ಹಾಗೆಯೇ ಬಿಡಿ. ಮುಂದಿನ ಬಾರಿ ಟೆರೇಸ್‌ನಲ್ಲಿ ಯಾವುದೇ ಕೆಲಸ ನಡೆದಾಗ, ಗುತ್ತಿಗೆದಾರನ ಕೊನೆಯ ಕಂತು ಕೊಡುವ ಮೊದಲು ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ.